ಮೊದಲ ಸ್ಪಾನ್ಸರ್‌ಗೆ ಒಂದು ಮೇಲ್

ತಾರಸಿ ತೋಟದ ನನ್ನ ಚಾನೆಲ್‌ಗೆ ಸಬ್‌ಸ್ಕ್ರೈಬರ್‌ಗಳು ನಾಲ್ಕು ಸಾವಿರದ ಆಸುಪಾಸು. ಇವತ್ತು ಧೈರ್ಯ ಮಾಡಿ ಕೋಕೋಪೀಟ್ ಮಾರುವ ಸಣ್ಣ ಕಂಪನಿಯೊಂದಕ್ಕೆ ಮೇಲ್ ಹಾಕಿದೆ. ಆ ನಾಲ್ಕು ಸಾವಿರವನ್ನು ಮೊದಲ ಸಾಲಲ್ಲಿ ಬರೆಯಲಿಲ್ಲ. "ಯಾವ ಕೋಕೋಪೀಟ್ ತಗೊಳ್ಳಲಿ ಅಂತ ನನ್ನ ವೀಕ್ಷಕರು ಕೇಳುತ್ತಲೇ ಇರುತ್ತಾರೆ" ಅಂತ ಶುರು ಮಾಡಿ, ಅಂಥ ಕಾಮೆಂಟ್‌ಗಳ ಸ್ಕ್ರೀನ್‌ಶಾಟ್ ಹಾಕಿದೆ, ಹೆಸರು ಮರೆಮಾಡಿ. ಕೆಳಗೆ ಇತ್ತೀಚಿನ ಹತ್ತು ವಿಡಿಯೋಗಳ ವ್ಯೂಸ್, ಒಂದೊಂದಾಗಿ. ಬರೀ ಸರಾಸರಿ ಕೊಡಲಿಲ್ಲ. ಒಂದೇ ವಿಡಿಯೋ ಜೋರಾಗಿ ಓಡಿದರೂ ಸರಾಸರಿ ಸುಮ್ನೆ ಉಬ್ಬಿಬಿಡುತ್ತದೆ, ಅಲ್ವಾ?

ಕೊಡುವುದೇನು ಅನ್ನುವುದನ್ನೂ ಚಿಕ್ಕದಾಗಿಟ್ಟೆ: ವಿಡಿಯೋ ಒಳಗೆ 60 ಸೆಕೆಂಡ್, ಡಿಸ್ಕ್ರಿಪ್ಶನ್‌ನಲ್ಲಿ ಕೂಪನ್ ಕೋಡ್, ಇಷ್ಟು ರೂಪಾಯಿ. ಕೋಡ್ ಇದ್ದರೆ ನನ್ನಿಂದ ಎಷ್ಟು ಮಾರಾಟವಾಯಿತು ಅಂತ ಅವರಿಗೇ ಕಾಣುತ್ತದೆ. ಪೇಯ್ಡ್ ಪ್ರಮೋಷನ್ ಗುರುತು ಹಾಕಿಯೇ ಹಾಕುತ್ತೇನೆ, ಆ ಕ್ಲಿಪ್ ಅವರ ಜಾಹೀರಾತಿಗೆ ಬೇಕಿದ್ದರೆ ದುಡ್ಡು ಬೇರೆ ಅಂತಲೂ ಈಗಲೇ ಬರೆದೆ. ಆಮೇಲೆ ಹೇಳಿದರೆ ಜಗಳ.

"ಫ್ರೀ ಪ್ರಾಡಕ್ಟ್ ಕಳಿಸ್ತೀವಿ, ವಿಡಿಯೋ ಮಾಡಿ" ಅಂತ ಉತ್ತರ ಬರಬಹುದು. ಪರೀಕ್ಷೆಗೆ ಒಂದು ಬ್ಲಾಕ್ ಸಾಕು ಸರ್, ನೆನೆಸಿ ಉಪ್ಪಿನಂಶ ಜಾಸ್ತಿ ಇದೆಯಾ ನೋಡುತ್ತೇನೆ, ವಿಡಿಯೋಗೆ ಮಾತ್ರ ಹೇಳಿದ ರೇಟೇ ಅನ್ನುತ್ತೇನೆ.