ಎರಡನೇ ಅರ್ಜಿ

ಊರಿನ ನೀರಿನ ಟ್ಯಾಂಕಿಗೆ ಮಟ್ಟ ಅಳೆಯುವ ಸೆನ್ಸರ್ ಹಾಕಲು ಪಂಚಾಯಿತಿಗೆ ಕೊಟ್ಟ ಮೊದಲನೇ ಅರ್ಜಿ ಎರಡು ಪುಟ ಇತ್ತು. ಅಲ್ಟ್ರಾಸಾನಿಕ್ ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ, ನೀರಿನ ಮಟ್ಟ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಅಂತೆಲ್ಲ ಬರೆದಿದ್ದೆ. ಪಂಚಾಯಿತಿ ಅಧ್ಯಕ್ಷರು ಪೂರ್ತಿ ಓದಿ, "ಕುಡಿಯೋ ನೀರಿನೊಳಗೆ ಏನು ಇಳಿಸ್ತೀರಿ?" ಅಂದರು.

"ಏನೂ ಇಳಿಸಲ್ಲ ಸರ್."

"ಹಾಗಂತ ಇದರಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ.

ಪಕ್ಕದಲ್ಲಿದ್ದ ನೀರುಗಂಟಿಯವರ ಮುಖವೂ ಸಪ್ಪಗಿತ್ತು. "ಏನಣ್ಣ?" ಅಂತ ಹೊರಗೆ ಬಂದು ಕೇಳಿದೆ. "ನಾನು ಎಷ್ಟೊತ್ತಿಗೆ ನೀರು ಬಿಡ್ತೀನಿ ಅಂತ ನೋಡೋಕೆ ತಾನೇ ಇದು?" ಅಂದರು. ದಿನಾ ಏಣಿ ಹತ್ತಿ ಮುಚ್ಚಳ ತೆಗೆದು ನೋಡುವ ಅವರ ಕಷ್ಟ ತಪ್ಪಲಿ ಅಂತ ನಾನು ಹೊರಟಿದ್ದೆ. ಅವರನ್ನೇ ಒಂದು ಮಾತು ಕೇಳಿರಲಿಲ್ಲ.

ಮಾರನೇ ದಿನ ಇಬ್ಬರೂ ಟ್ಯಾಂಕ್ ಹತ್ತಿ ಟೇಪ್ ಹಿಡಿದೆವು. ಒಳಗಿನ ಅಗಲ 4 ಮೀಟರ್, ದುಂಡನೆಯ ಟ್ಯಾಂಕ್. ಅಂದರೆ ನೀರು 1 ಸೆಂಟಿಮೀಟರ್ ಇಳಿದರೆ ಸುಮಾರು 125 ಲೀಟರ್ ಖರ್ಚಾದಂತೆ. ಮುಚ್ಚಳದಿಂದ ಓವರ್‌ಫ್ಲೋ ಪೈಪಿಗೆ ಬರೀ 18 ಸೆಂಟಿಮೀಟರ್ ಇತ್ತು. ತೊಂದರೆ ಇದ್ದದ್ದು ಇಲ್ಲೇ. ಮುಚ್ಚಳದ ಹತ್ತಿರ ಕೂರುವ ಸೆನ್ಸರ್ ನೀರಿನ ಕಡೆಗೆ ಶಬ್ದ ಕಳಿಸಿ ಅದರ ಪ್ರತಿಧ್ವನಿಗೆ ಕಾಯುತ್ತದೆ. ನೀರು ತುಂಬಾ ಹತ್ತಿರ ಬಂದರೆ, ಸೆನ್ಸರಿನ ಮುಖ ಇನ್ನೂ ನಡುಗುತ್ತಿರುವಾಗಲೇ ಪ್ರತಿಧ್ವನಿ ವಾಪಸ್ ಬಂದುಬಿಡುತ್ತದೆ. ನನ್ನ ಹತ್ತಿರ ಇದ್ದ ಸೆನ್ಸರಿಗೆ 25 ಸೆಂಟಿಮೀಟರ್ ಒಳಗಿನದು ಕೇಳುವುದಿಲ್ಲ. ಟ್ಯಾಂಕ್ ತುಂಬಿದಾಗಲೇ ತಪ್ಪು ಅಂಕಿ!

ನೀರು ಬೀಳುವ ಪೈಪಿನಿಂದಲೂ ದೂರ ಇಡಬೇಕಿತ್ತು. ಶಬ್ದ ಹರಡುತ್ತಾ ಇಳಿಯುತ್ತದೆ, ಪೈಪಿಗೆ ತಾಗಿದರೆ ಸೆನ್ಸರ್ ಅದನ್ನೇ ನೀರು ಅಂದುಕೊಳ್ಳುತ್ತದೆ. ನೀರು ಬಿಡುತ್ತಿದ್ದರೂ ಅಂಕಿ ಅಲ್ಲಾಡದಿದ್ದರೆ ಹೀಗೇ ಆಗಿದೆ ಅಂತ ತಿಳಿಯಬಹುದು.

ಎರಡನೇ ಅರ್ಜಿ ಒಂದೇ ಪುಟ. ಅದರಲ್ಲಿ ಮುಖ್ಯವಾಗಿ ಇದ್ದದ್ದು ಇಷ್ಟು:

"ಉಪಕರಣ ನೀರಿಗೆ ತಾಗುವುದಿಲ್ಲ. ಟ್ಯಾಂಕಿನ ಗೋಡೆಗೆ ರಂಧ್ರ ಕೊರೆಯುವುದಿಲ್ಲ, ಮುಚ್ಚಳದ ಅಂಚಿಗೆ ಕ್ಲ್ಯಾಂಪ್ ಹಾಕುತ್ತೇವೆ. ಬ್ಯಾಟರಿಯಲ್ಲೇ ನಡೆಯುತ್ತದೆ, ಮೇಲಕ್ಕೆ ಕರೆಂಟಿನ ವೈರ್ ಎಳೆಯುವುದಿಲ್ಲ. ನೀರುಗಂಟಿಯವರು ಜೊತೆಗಿಲ್ಲದೆ ಟ್ಯಾಂಕ್ ಹತ್ತುವುದಿಲ್ಲ. ಟ್ಯಾಂಕ್ ತುಂಬಲು ಕೊನೆಯ 7 ಸೆಂಟಿಮೀಟರ್ ಇರುವಾಗ ಬರುವ ಅಂಕಿಯನ್ನು ನಂಬಬಾರದು. ಆದ್ದರಿಂದ ಇದನ್ನು ನೋಡಿ ಮೋಟಾರ್ ಆಫ್ ಮಾಡಬಾರದು. ತಾವು ಹೇಳಿದ ದಿನ ಸ್ವಂತ ಖರ್ಚಿನಲ್ಲಿ ತೆಗೆಯುತ್ತೇವೆ."

ನೀರು ಬಿಟ್ಟ ಹೊತ್ತಿನ ವಿಷಯಕ್ಕೆ ಮಾತ್ರ ಪೆನ್ನು ನಿಂತಿತು. ಹೊತ್ತು ಗೊತ್ತಾಗಲ್ಲ ಅಂತ ಬರೆದರೆ ಸುಳ್ಳಾಗುತ್ತಿತ್ತು. ಮಟ್ಟ ಯಾವಾಗ ಇಳಿಯಿತು ಅಂತ ನೋಡಿದರೆ ಯಾರಿಗಾದರೂ ತಿಳಿಯುತ್ತದೆ, ಅಲ್ವಾ? ಕೊನೆಗೆ ಆ ಅಣ್ಣನನ್ನೇ ಕೇಳಿದೆ. "ಹಳೇ ಲೆಕ್ಕ ಇಟ್ಕೋಬೇಡಿ. ಈಗ ಎಷ್ಟಿದೆ ಅಂತ ತೋರಿಸಿದ್ರೆ ಸಾಕು" ಅಂದರು. ಅದನ್ನೇ ಸೇರಿಸಿದೆ.

ಸಭೆಯಲ್ಲಿ ಒಬ್ಬರು ಸದಸ್ಯೆ ಆ 7 ಸೆಂಟಿಮೀಟರ್ ಸಾಲಿಗೆ ಬೆರಳಿಟ್ಟು, "ಕೆಲಸ ಮಾಡದ್ದನ್ನೂ ಬರೆದಿದೀರಲ್ಲ" ಅಂದರು. 3 ತಿಂಗಳಿಗೆ ಒಪ್ಪಿಗೆ ಸಿಕ್ಕಿತು. ನೀರುಗಂಟಿಯವರು ಆಗಲೇ ಟ್ಯಾಂಕಿನ ಬೀಗದ ಕೈ ಹುಡುಕುತ್ತಿದ್ದರು.