30 ಪೀಸು ಹೇಳಿದ್ದು, 160 ಪೀಸು ಹೇಳಿದ್ದು

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ಕಾಲ. ಗ್ರಾಹಕರು ವಾಪಸ್ ಕಳಿಸಿದ ಪೆಟ್ಟಿಗೆ ಒಂದು ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಮೇಲಿತ್ತು. 800 ಪಿನ್‌ಗಳಲ್ಲಿ 11 ಅಳತೆ ತಪ್ಪಿದ್ದವು. ಕೆಲವು ದಪ್ಪ, ಕೆಲವು ತೆಳು.

ಪಿನ್ನಿನ ವ್ಯಾಸ 20 ಮಿ.ಮೀ. ಇರಬೇಕು. ಆಚೆ ಈಚೆ 20 ಮೈಕ್ರಾನ್ ಬಿಟ್ಟಿದ್ದರು. ಅಂದರೆ 19.980ರಿಂದ 20.020ರ ತನಕ ಎಲ್ಲವೂ ಸರಿ. ನಮ್ಮ ದಿನದ ವರದಿಯಲ್ಲಿ ಪ್ರತಿ ಶಿಫ್ಟಿನ 5 ಪೀಸುಗಳ ಸರಾಸರಿ ಬರೆಯುತ್ತಿದ್ದೆವು. ತಿಂಗಳಿಡೀ ಅದು 20.000ದ ಆಸುಪಾಸಿನಲ್ಲೇ ಇತ್ತು. ಒಂದು ಪೀಸು 15 ಮೈಕ್ರಾನ್ ದಪ್ಪ, ಇನ್ನೊಂದು 15 ಮೈಕ್ರಾನ್ ತೆಳು ಇದ್ದರೂ ಸರಾಸರಿ ಸರಿಯಾಗಿ 20.000 ಬರುತ್ತದೆ, ಅಲ್ವಾ? ಗ್ರಾಹಕರು ಹಾಕಿಕೊಳ್ಳುವುದು ಸರಾಸರಿಯನ್ನಲ್ಲ, ಒಂದೊಂದು ಪಿನ್ನನ್ನು.

ನನಗೆ ಹೆಚ್ಚು ಕಾಡಿದ್ದು ಇನ್ನೊಂದು ಕಾಗದ. ಆರ್ಡರ್ ಶುರುವಾಗುವ ಮುಂಚೆ ನಾನೇ ಸಹಿ ಹಾಕಿ ಕಳಿಸಿದ್ದ ಕೆಪಾಬಿಲಿಟಿ ವರದಿ, ಅಂದರೆ ಮಷಿನ್ ಮಿತಿಯೊಳಗೆ ಮಾಡಬಲ್ಲದೇ ಎಂಬುದರ ಲೆಕ್ಕ. ಸಾಲಾಗಿ 30 ಪೀಸು ಮಾಡಿಸಿ ಅಳೆದಿದ್ದೆ. ಸರಾಸರಿ 20.001. ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂದು ಹೇಳುವ ಸಿಗ್ಮಾ 3.5 ಮೈಕ್ರಾನ್. ಸರಾಸರಿಯಿಂದ ಹತ್ತಿರದ ಮಿತಿಗೆ 19 ಮೈಕ್ರಾನ್ ದೂರ. ಅದನ್ನು ಮೂರು ಸಿಗ್ಮಾದಿಂದ, ಅಂದರೆ 10.5ರಿಂದ ಭಾಗಿಸಿದರೆ ಸಿಪಿಕೆ 1.81. ಗ್ರಾಹಕರು ಕೇಳಿದ್ದು ಕನಿಷ್ಠ 1.33. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ 30 ಪೀಸು ಮುಗಿಯಲು ಒಂದು ಗಂಟೆಯೂ ಆಗಿರಲಿಲ್ಲ. ಮಷಿನ್ ಬಿಸಿಯಾಗಿತ್ತು, ಲೋಹ ಕತ್ತರಿಸುವ ಇನ್ಸರ್ಟ್ ಹೊಸದು, ಟೂಲನ್ನು ಹಿಂದೆ ಮುಂದೆ ಸರಿಸುವ ಆಫ್‌ಸೆಟ್ಟನ್ನು ಆಪರೇಟರ್ ಮುಟ್ಟಿರಲಿಲ್ಲ.

ಈ ಸಲ ಎರಡು ಶಿಫ್ಟ್ ಪೂರ್ತಿ ಮಷಿನ್ ಪಕ್ಕದಲ್ಲೇ ಕೂತೆ. ಅರ್ಧ ಗಂಟೆಗೊಮ್ಮೆ ಸಾಲಾಗಿ 5 ಪೀಸು ತೆಗೆದು, ತಣ್ಣಗಾಗಲು ಬಿಟ್ಟು, ಒಂದು ಮೈಕ್ರಾನ್ ತೋರಿಸುವ ಮೈಕ್ರೋಮೀಟರ್‌ನಲ್ಲಿ ಅಳೆದೆ. 20 ಮಿ.ಮೀ. ಉಕ್ಕು 10 ಡಿಗ್ರಿ ಹೆಚ್ಚು ಬಿಸಿ ಇದ್ದರೂ ಎರಡು ಮೈಕ್ರಾನ್‌ಗಿಂತ ಜಾಸ್ತಿ ದಪ್ಪ ತೋರಿಸುತ್ತದೆ. 32 ಸಲ, ಒಟ್ಟು 160 ಪೀಸು.

ಪ್ರತಿ ಐದರ ಒಳಗಿನ ಹರವು ನೋಡಿದರೆ ಸಿಗ್ಮಾ ಮತ್ತೆ ಅದೇ 3.5. ಆದರೆ 160 ಪೀಸನ್ನೂ ಒಟ್ಟಿಗೆ ತೆಗೆದರೆ 8 ಮೈಕ್ರಾನ್! ಸರಾಸರಿ 20.002. ಹತ್ತಿರದ ಮಿತಿಗೆ 18 ಮೈಕ್ರಾನ್. ಅದನ್ನು ಮೂರು ಸಿಗ್ಮಾದಿಂದ, ಅಂದರೆ 24ರಿಂದ ಭಾಗಿಸಿದರೆ ಬಂದಿದ್ದು 0.75. ಇದನ್ನು ಪಿಪಿಕೆ ಎನ್ನುತ್ತಾರೆ. ದಿನವಿಡೀ ಆಗುವ ಏರಿಳಿತವೆಲ್ಲ ಇದರಲ್ಲಿ ಸೇರಿರುತ್ತದೆ. ವಾಪಸ್ ಬಂದ ಪೆಟ್ಟಿಗೆ ಈ 0.75ರ ಪೆಟ್ಟಿಗೆ.

ಅಳತೆಗಳನ್ನು ಸಮಯದ ಸಾಲಿನಲ್ಲಿ ಗ್ರಾಫ್ ಮೇಲೆ ಇಟ್ಟಾಗ ಕಾರಣಗಳು ಕಾಣಿಸಿದವು. ಬೆಳಿಗ್ಗೆ ಮಷಿನ್ ಬಿಸಿಯಾಗುವ ತನಕ ವ್ಯಾಸ ಇಳಿಯುತ್ತಾ ಹೋಗಿತ್ತು. ಊಟದ ಬಿಡುವಿನ ನಂತರವೂ ಹಾಗೇ. ಆಮೇಲೆ ಇನ್ಸರ್ಟ್ ಸವೆದಂತೆ ನಿಧಾನವಾಗಿ ಏರಿತ್ತು. ಇವೆರಡರ ಮಧ್ಯೆ ಚೂಪಾದ ನೆಗೆತಗಳಿದ್ದವು. ಅವು ಏನು ಅಂತ ಆಪರೇಟರನ್ನು ಕೇಳಿದೆ.

"ಅಣ್ಣಾ, ಇಲ್ಲಿ ಏನು ಮಾಡಿದ್ರಿ?"

"ಒಂದು ಪೀಸು 7 ಮೈಕ್ರಾನ್ ದಪ್ಪ ಬಂತು ಸಾರ್. ಅದಕ್ಕೇ 7 ಕಡಿಮೆ ಮಾಡಿದೆ."

ಅವರು ಶ್ರದ್ಧೆಯಿಂದಲೇ ಮಾಡಿದ್ದು. ಆದರೆ ಸಿಗ್ಮಾ 3.5 ಇರುವಾಗ, ಏನೂ ಬದಲಾಗದಿದ್ದರೂ ಆಗೊಂದು ಈಗೊಂದು ಪೀಸು 7 ಆಚೆ ಬಿದ್ದೇ ಬೀಳುತ್ತದೆ. ಅದೊಂದನ್ನು ನಂಬಿ ಆಫ್‌ಸೆಟ್ ತಿರುಗಿಸಿದರೆ ಸರಿಯಿದ್ದ ಮಷಿನ್ ಪಕ್ಕಕ್ಕೆ ಸರಿಯುತ್ತದೆ. ಮುಂದಿನ ಪೀಸು ತೆಳು ಬಂದಾಗ ಮತ್ತೆ ತಿರುಗಿಸುತ್ತಾರೆ.

ಮ್ಯಾನೇಜರ್‌ಗೆ ತೋರಿಸಿದೆ. "ಐದರ ಒಳಗಿನ ಲೆಕ್ಕದಲ್ಲಿ 1.7 ಬರುತ್ತಲ್ಲ, ಅದನ್ನೇ ಕಳಿಸಿ" ಅಂದರು. ಮಷಿನ್ ಎಷ್ಟು ಚೆನ್ನಾಗಿ ಮಾಡಬಲ್ಲದು ಅನ್ನುವುದಕ್ಕೆ ಆ ಅಂಕಿ ನಿಜ. ನಾವು ಕಳಿಸುತ್ತಿರುವ ಪಿನ್‌ಗಳಿಗೆ ಅದು ನಿಜವಲ್ಲ. ಒಂದು ವಾರ ಸಮಯ ಕೇಳಿಕೊಂಡು ಮೂರು ನಿಯಮ ಮಾಡಿದೆ.

ಶಿಫ್ಟ್ ಶುರುವಿಗೆ ಮತ್ತು ಊಟದ ನಂತರ 20 ನಿಮಿಷ ಸುಮ್ನೆ ಮಷಿನ್ ಓಡಿಸುವುದು. 120 ಪೀಸಿಗೊಮ್ಮೆ ಇನ್ಸರ್ಟಿನ ಮೂಲೆ ಬದಲಿಸುವುದು. ಆಫ್‌ಸೆಟ್ ಮುಟ್ಟುವುದಾದರೆ, ತಣ್ಣಗಾದ 5 ಪೀಸಿನ ಸರಾಸರಿ 20.000ರಿಂದ 5 ಮೈಕ್ರಾನ್‌ಗಿಂತ ದೂರ ಹೋದಾಗ ಮಾತ್ರ. ಆ 5 ನಾನು ಊಹಿಸಿದ್ದಲ್ಲ. 3.5ರ ಮೂರು ಪಟ್ಟನ್ನು ಐದರ ವರ್ಗಮೂಲದಿಂದ ಭಾಗಿಸಿದರೆ 4.7 ಬರುತ್ತದೆ. ಅದರೊಳಗಿನ ಅಲುಗಾಟ ಬರೀ ಆಕಸ್ಮಿಕ.

ವಾರದ ಕೊನೆಗೆ ಮತ್ತೆ 160 ಪೀಸು ಅಳೆದೆ. ಸಿಗ್ಮಾ 4.8, ಸರಾಸರಿ 20.001, ಪಿಪಿಕೆ 1.32. ಬೇಕಿದ್ದದ್ದು 1.33. ಒಂದು ಪೀಸು ತೆಗೆದುಹಾಕಿದರೆ ದಾಟುತ್ತಿತ್ತು. ಆದರೆ 160 ಪೀಸಿನಿಂದ ಬಂದ ಈ ಅಂಕಿಯಲ್ಲಿ ಆಚೆ ಈಚೆ ಸುಮಾರು 0.15 ಅನಿಶ್ಚಿತತೆ ಇರುತ್ತದೆ. 1.32ಕ್ಕೂ 1.33ಕ್ಕೂ ವ್ಯತ್ಯಾಸವೇ ಇಲ್ಲ. 1.32 ಅಂತಲೇ ಬರೆದು, ಸಮಯದ ಸಾಲಿನ ಎರಡೂ ಗ್ರಾಫ್ ಜೊತೆಗಿಟ್ಟು ಕಳಿಸಿದೆ. ಗ್ರಾಹಕರ ಕಡೆಯ ಇಂಜಿನಿಯರ್ ಫೋನ್ ಮಾಡಿ ಮೊದಲು ಕೇಳಿದ್ದು ಅಂಕಿಯ ಬಗ್ಗೆ ಅಲ್ಲ. "ಊಟದ ನಂತರದ ಇಳಿತ ನಿಂತಿದೆಯಾ?" ಎಂದರು.