ಎರಡು ವರ್ಷದ ಲೆಕ್ಕ ಯಾವ ದಿನದಿಂದ ಶುರುವಾಗುತ್ತದೆ?

ಬಳ್ಳಾರಿಯಲ್ಲಿ ವಕೀಲಿ ಮಾಡುತ್ತೇನೆ. ಹೆಚ್ಚಾಗಿ ಮಕ್ಕಳ ಮತ್ತು ಕುಟುಂಬದ ಕೇಸುಗಳು. ಇವತ್ತು ಬರೆಯುತ್ತಿರುವುದು ಸಿರುಗುಪ್ಪ ಕಡೆಯ ಒಂದು ಕುಟುಂಬದ ವಿಷಯ. ದತ್ತು ಮಗಳನ್ನು ಜೊತೆಗೆ ಅಮೆರಿಕಕ್ಕೆ ಕರೆದೊಯ್ಯಲು ಅವರು ಎರಡು ವರ್ಷದ ಕಾನೂನುಬದ್ಧ ಸುಪರ್ದಿ ತೋರಿಸಬೇಕಿತ್ತು. ಅವರ ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ. ಆ ಕೇಸಿನ ಮೊದಲ ಕಾಗದ ಬರೆದವಳು ನಾನೇ. ತಪ್ಪೂ ಅಲ್ಲಿಂದಲೇ ಶುರುವಾಯಿತು.

2017ರಲ್ಲಿ ಒಂದು ರಸ್ತೆ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಕೊಂಡರು. ಐದು ವರ್ಷದ ಮಗಳು ಉಳಿದಳು. ದೊಡ್ಡಪ್ಪ, ದೊಡ್ಡಮ್ಮ ಅವಳನ್ನು ಮನೆಗೆ ಕರೆದುಕೊಂಡು ಬಂದರು. ಅವರಿಗೆ ಒಬ್ಬ ಮಗ ಇದ್ದ. ಶಾಲೆಗೆ ಸೇರಿಸಲು ಏನಾದರೂ ಕಾಗದ ಬೇಕು ಅಂದಾಗ ನಮ್ಮ ಸೀನಿಯರ್ ನನಗೆ ಹೇಳಿದರು. ನಾನು ಬಾಂಡ್ ಪೇಪರ್ ಮೇಲೆ ಒಂದು ಅಫಿಡವಿಟ್ ಟೈಪ್ ಮಾಡಿಸಿದೆ. 'ಇಂದಿನಿಂದ ಮಗುವಿನ ಪೋಷಣೆಯ ಪೂರ್ಣ ಜವಾಬ್ದಾರಿ ನಮ್ಮದು' ಅಂತ. ತಾಯಿಯ ಕಡೆಯ ಅಜ್ಜಿ ಹೆಬ್ಬೆಟ್ಟು ಒತ್ತಿದರು. ನೋಟರಿ ಸೀಲ್ ಬಿತ್ತು. ಶಾಲೆಯವರು ಒಪ್ಪಿಕೊಂಡರು. ನನಗೂ ಕೆಲಸ ಮುಗಿಯಿತು ಅನಿಸಿತು.

2022ರ ನವೆಂಬರಿನಲ್ಲಿ ದೊಡ್ಡಪ್ಪ ಮತ್ತೆ ಬಂದರು. ದೊಡ್ಡಮ್ಮನ ಅಣ್ಣ ಅಮೆರಿಕದ ಪೌರ. 2005ರಲ್ಲಿ ತಂಗಿಗಾಗಿ, ಸಂಬಂಧಿಕರನ್ನು ಅಲ್ಲಿಗೆ ಕರೆಸಿಕೊಳ್ಳುವ I-130 ಅರ್ಜಿ ಹಾಕಿದ್ದರು. ಅಣ್ಣ ತಂಗಿ ವರ್ಗದಲ್ಲಿ ಭಾರತದವರ ಸರದಿ ತುಂಬಾ ನಿಧಾನ. ಹದಿನೇಳು ವರ್ಷ ಕಾದ ಮೇಲೆ ಅಮೆರಿಕದ ನ್ಯಾಷನಲ್ ವೀಸಾ ಸೆಂಟರಿನಿಂದ ಪತ್ರ ಬಂದಿತ್ತು. ಈ ವರ್ಗದಲ್ಲಿ ತಂಗಿಯ ಜೊತೆ ಗಂಡನೂ, ಮದುವೆಯಾಗದ 21ರೊಳಗಿನ ಮಕ್ಕಳೂ ಹೋಗಬಹುದು. ಮಗನಿಗೆ ತೊಂದರೆ ಇರಲಿಲ್ಲ. ಹುಡುಗಿಯದ್ದೇ ಪ್ರಶ್ನೆ.

ಅವರು ಒಂದು ಪ್ಲಾಸ್ಟಿಕ್ ಕವರಿನಿಂದ ಮೂರು ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಎಲ್ಲಾ ಪೇಪರ್ ಐತಿ, ಇನ್ನೇನು ಬೇಕು?" ಅಂದರು.

ಮೊದಲನೆಯದು ನಾನೇ ಬರೆದ ಅಫಿಡವಿಟ್. ಅಮೆರಿಕದ ಕಾನೂನಿನಲ್ಲಿ ದತ್ತು ಮಗುವನ್ನು 'ಮಗು' ಎಂದು ಒಪ್ಪಬೇಕಾದರೆ ಹದಿನಾರು ತುಂಬುವ ಮೊದಲು ದತ್ತು ಆಗಿರಬೇಕು. ಜೊತೆಗೆ ದತ್ತು ತಂದೆ ತಾಯಿಯ ಕಾನೂನುಬದ್ಧ ಸುಪರ್ದಿಯಲ್ಲಿ ಎರಡು ವರ್ಷ ಇರಬೇಕು, ಅವರ ಜೊತೆ ಎರಡು ವರ್ಷ ವಾಸವೂ ಮಾಡಿರಬೇಕು. ಸುಪರ್ದಿ ಅಂದರೆ ಕೋರ್ಟು ಅಥವಾ ಅಧಿಕಾರ ಇರುವ ಸರ್ಕಾರಿ ಸಂಸ್ಥೆ ಕೊಟ್ಟದ್ದು. ನೋಟರಿ ಮುಂದೆ ಮಾಡಿದ ಅಫಿಡವಿಟ್ ಸಾಲದು ಅಂತ ಅವರ ನಿಯಮದಲ್ಲೇ ಬಿಡಿಸಿ ಬರೆದಿದೆ. ಅಂದರೆ 2017ರಿಂದ ಐದು ವರ್ಷ ಆ ಮಗು ಇವರ ತಟ್ಟೆಯಲ್ಲೇ ಉಂಡಿದ್ದರೂ ಸುಪರ್ದಿಯ ಲೆಕ್ಕದಲ್ಲಿ ಒಂದು ದಿನವೂ ಜಮಾ ಆಗಿರಲಿಲ್ಲ.

ಎರಡನೆಯದು ಅಪಘಾತ ಪರಿಹಾರದ ಆದೇಶ. ಅದರ ಮೊದಲ ಪುಟದಲ್ಲಿ ಹುಡುಗಿಯ ಹೆಸರಿನ ಕೆಳಗೆ 'ಮೈನರ್, ಗಾರ್ಡಿಯನ್ ದೊಡ್ಡಪ್ಪನ ಮೂಲಕ' ಅಂತ ಇತ್ತು. "ಕೋರ್ಟಿನ ಪೇಪರ್ ಐತಲ್ಲ ಇದು" ಅಂತ ಅವರು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಈ ತಪ್ಪು ತಿಳಿವಳಿಕೆ ನಮ್ಮ ಕಡೆ ತುಂಬಾ ಜಾಸ್ತಿ. ಆ ಸಾಲಿನ ಅರ್ಥ ಇಷ್ಟೇ: ಮೈನರ್ ತಾನೇ ಕೇಸು ಹಾಕಲು ಆಗದು, ಅವಳ ಪರವಾಗಿ ಇವರು ನಿಂತಿದ್ದಾರೆ. ಪರಿಹಾರದ ಹಣ ಅವಳ ಹೆಸರಲ್ಲಿ ಬ್ಯಾಂಕಿನಲ್ಲಿ ಡಿಪಾಸಿಟ್ ಆಗಿತ್ತು. ಮಗು ಯಾರ ಸುಪರ್ದಿಯಲ್ಲಿ ಇರಬೇಕು ಅಂತ ಆ ಆದೇಶ ಎಲ್ಲೂ ಹೇಳಿರಲಿಲ್ಲ.

ಮೂರನೆಯದನ್ನು ನೋಡಿ ನನಗೆ ನಿಜವಾಗಿ ಬೇಸರವಾಯಿತು. 2021ರಲ್ಲಿ ಬೇರೆಯವರ ಕೈಲಿ ಬರೆಸಿದ ದತ್ತುಪತ್ರ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಿತ್ತು. ಫೋಟೋ, ಹೆಬ್ಬೆಟ್ಟು, ಸೀಲು ಎಲ್ಲ ಸರಿಯಾಗಿತ್ತು. ಆದರೆ ಒಳಗೆ ಹೀಗಿತ್ತು: ಮಗುವಿನ ತಂದೆ ತಾಯಿ ತೀರಿಕೊಂಡಿದ್ದಾರೆ, ಆದ್ದರಿಂದ ಅಜ್ಜಿ ದತ್ತು ಕೊಡುತ್ತಿದ್ದಾರೆ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ದತ್ತು ಕೊಡುವ ಹಕ್ಕು ಹೆತ್ತ ತಂದೆ ತಾಯಿಗೆ ಇದೆ. ಇಬ್ಬರೂ ಇಲ್ಲದಿದ್ದರೆ ಮಗುವನ್ನು ನೋಡಿಕೊಳ್ಳುತ್ತಿರುವ ರಕ್ಷಕರು ಕೊಡಬಹುದು. ಆದರೆ ಕೋರ್ಟಿನ ಅನುಮತಿ ಮೊದಲೇ ಪಡೆದಿರಬೇಕು. ಇದು 9ನೇ ಕಲಮಿನ 4ನೇ ಉಪಕಲಮು. ಅನುಮತಿ ಇಲ್ಲದೆ ಮಾಡಿದ ದತ್ತು ಅಸಿಂಧು. ನೋಂದಣಿಯಾದ ದತ್ತುಪತ್ರ ಸರಿಯಾಗಿದೆ ಅಂತ ಕಾನೂನು ಮೊದಲಿಗೆ ನಂಬುತ್ತದೆ ನಿಜ. ಆದರೆ ಇಲ್ಲಿ ಹೆತ್ತವರಿಲ್ಲ, ಅನುಮತಿಯೂ ಇಲ್ಲ ಅನ್ನುವುದು ಆ ಪತ್ರ ಓದಿದವರಿಗೇ ಗೊತ್ತಾಗುತ್ತಿತ್ತು. ವೀಸಾ ಅಧಿಕಾರಿಗೆ ಬೇರೆ ಸಾಕ್ಷಿಯೇ ಬೇಡ.

ಅವತ್ತು ದೊಡ್ಡಮ್ಮ ಒಂದು ಮಾತು ಕೇಳಿದರು. ಟ್ರಾವೆಲ್ ಏಜೆಂಟ್ ಒಬ್ಬರು, 'ನೀವು ಮೂರು ಜನ ಮೊದಲು ಹೋಗಿ, ಆಮೇಲೆ ಹುಡುಗಿಯನ್ನು ಕರೆಸಿಕೊಳ್ಳಿ' ಅಂದಿದ್ದರಂತೆ. ಬೇಡ ಅಂದೆ. ಮಗು ಹಿಂದಿನಿಂದ ಬಂದು ಸೇರಿಕೊಳ್ಳಲು ಅವಕಾಶ ಇದೆ. ಆದರೆ ತಾಯಿ ಮಗಳು ಅನ್ನುವ ಕಾನೂನಿನ ಸಂಬಂಧ ತಾಯಿ ವಲಸಿಗಳಾಗಿ ಅಲ್ಲಿ ಇಳಿಯುವ ಮೊದಲೇ ಹುಟ್ಟಿರಬೇಕು. ದತ್ತು ಅಸಿಂಧುವಾದರೆ ಸಂಬಂಧವೇ ಇಲ್ಲ. ಆಗ ದೊಡ್ಡಮ್ಮ ಅಲ್ಲಿ ನೆಲೆಸಿ ಹೊಸದಾಗಿ ಅರ್ಜಿ ಹಾಕಿ ಕಾಯಬೇಕು. ಅಷ್ಟರಲ್ಲಿ ಹುಡುಗಿಗೆ ಹದಿನಾರು ದಾಟಿದರೆ ಆ ಬಾಗಿಲೂ ಮುಚ್ಚುತ್ತದೆ.

ಹಾಗಾಗಿ ಎಲ್ಲರೂ ಇಲ್ಲೇ ಉಳಿದು ಕಾಯುವುದು ಅಂತ ತೀರ್ಮಾನವಾಯಿತು. ವೀಸಾ ಸೆಂಟರಿನ ಪತ್ರ ಬಂದ ಮೇಲೆ ಒಂದು ವರ್ಷ ಏನೂ ಮಾಡದೆ ಸುಮ್ನೆ ಕೂತರೆ ಹಳೆಯ ಅರ್ಜಿಯೇ ರದ್ದಾಗುವ ಅಪಾಯ ಇದೆ. ಅದಕ್ಕೆ ಶುಲ್ಕ ಕಟ್ಟಿದರು, ವಲಸೆ ವೀಸಾದ DS-260 ಫಾರಂ ತುಂಬಿದರು, ಆಗಾಗ ವೀಸಾ ಸೆಂಟರಿಗೆ ಬರೆಯುತ್ತಾ ಕೇಸನ್ನು ಜೀವಂತ ಇಟ್ಟುಕೊಂಡರು.

ಈಗ ಕೋರ್ಟಿನ ಕೆಲಸ. ಇದರಲ್ಲಿ ಯಾವುದನ್ನು ಮೊದಲು ಮಾಡುತ್ತೇವೆ ಅನ್ನುವುದು ಮುಖ್ಯ. ನೇರವಾಗಿ ದತ್ತು ಅನುಮತಿಗೆ ಹೋಗಿ, ಆಮೇಲೆ ದತ್ತು ಮಾಡಿಕೊಂಡರೆ ಎರಡು ವರ್ಷದ ಲೆಕ್ಕ ದತ್ತು ಆದ ದಿನದಿಂದ ಶುರು. ಅದಕ್ಕಿಂತ ಮೊದಲೇ ಕೋರ್ಟು ಸುಪರ್ದಿ ಕೊಟ್ಟಿದ್ದರೆ ಆ ಅವಧಿಯನ್ನೂ ಅಮೆರಿಕದವರು ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕೇ ಮೊದಲು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಗಾರ್ಡಿಯನ್ ಪಿಟಿಷನ್ ಹಾಕಿದೆವು. ಮಗು ವಾಸ ಮಾಡುವ ಊರು ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಹಾಕಬೇಕು. ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿದೆ. ಅಜ್ಜಿಗೆ ನೋಟಿಸು ಹೋಯಿತು, ಅವರು ಬಂದು ತಕರಾರಿಲ್ಲ ಎಂದು ಹೇಳಿಕೆ ಕೊಟ್ಟರು. ಜಡ್ಜ್ ಹುಡುಗಿಯನ್ನು ಚೇಂಬರಿಗೆ ಕರೆದು ಮಾತಾಡಿಸಿದರು.

ಕೋರ್ಟಿಗೆ ನಮಗೇನು ಬೇಕು ಅಂತ ಕೇಳಿಕೊಳ್ಳುವ ಪ್ಯಾರಾ ಬರೆಯಲು ನಾನು ತುಂಬಾ ಹೊತ್ತು ಕೂತೆ. ಬರೀ 'ಗಾರ್ಡಿಯನ್ ಆಗಿ ನೇಮಿಸಬೇಕು' ಅಂದರೆ ಆದೇಶವೂ ಅಷ್ಟಕ್ಕೇ ನಿಲ್ಲಬಹುದು. ಆಸ್ತಿಗೆ ಮಾತ್ರ ಗಾರ್ಡಿಯನ್ ಅಂತ ಯಾರಾದರೂ ಓದಬಹುದು. ಅದಕ್ಕೆ 'ಮೈನರ್ ಹುಡುಗಿಯ ಶರೀರಕ್ಕೂ ಆಸ್ತಿಗೂ ರಕ್ಷಕರನ್ನಾಗಿ ನೇಮಿಸಿ, ಆಕೆಯ ಸುಪರ್ದಿಯನ್ನು ಅರ್ಜಿದಾರರಿಗೆ ವಹಿಸಬೇಕು' ಅಂತ ಬಿಡಿಸಿ ಬರೆದೆ. 2023ರ ಆಗಸ್ಟ್ 18ರಂದು ಆದೇಶ ಬಂತು. 'ಸುಪರ್ದಿ' ಅನ್ನುವ ಮಾತು ಅದರಲ್ಲಿ ಇದೆಯಾ ಅಂತ ಕೋರ್ಟ್ ಹಾಲಿನ ಹೊರಗೆ ನಿಂತೇ ನೋಡಿದೆ. ಇತ್ತು.

ಆ ಆದೇಶ ಒಂದೇ ಇದ್ದರೆ ವೀಸಾ ಸಿಗುವುದಿಲ್ಲ. ಪಾಲನೆಗೆ ಪಡೆದ ಮಗುವನ್ನು ಅಮೆರಿಕದ ವಲಸೆ ಕಾನೂನು ಮಗು ಎಂದು ಎಣಿಸುವುದಿಲ್ಲ, ದತ್ತು ಬೇಕೇ ಬೇಕು. ಇನ್ನೊಂದು ಮಾತೂ ಇದೆ. ಕೋರ್ಟು ನೇಮಿಸಿದ ಗಾರ್ಡಿಯನ್ ಆ ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯುವಂತಿಲ್ಲ. ಅದೇ ಕಾಯ್ದೆಯ 26ನೇ ಕಲಮು. ಮೊಮ್ಮಗಳನ್ನು ದುಬೈಗೆ ಕರೆದೊಯ್ಯಲು ಟಿಕೆಟ್ ತೆಗೆದ ಮೇಲೆ ಇದನ್ನು ಕೇಳಿ ಗಾಬರಿಯಾದ ಒಬ್ಬ ಅಜ್ಜ ನಮ್ಮ ಆಫೀಸಿಗೆ ಬಂದಿದ್ದರು.

ಆಮೇಲೆ ಜಿಲ್ಲಾ ನ್ಯಾಯಾಲಯದಲ್ಲಿ ದತ್ತು ಅನುಮತಿಯ ಅರ್ಜಿ. ರಕ್ಷಕರು ಮಗುವನ್ನು ತಾವೇ ದತ್ತು ಪಡೆಯಲೂ ಕಾನೂನಿನಲ್ಲಿ ಅವಕಾಶ ಇದೆ. ಮಗುವಿನ ಹಿತ, ಅವಳ ಇಷ್ಟ, ಹಣದ ವ್ಯವಹಾರ ಇಲ್ಲ ಅನ್ನುವುದು, ಇಷ್ಟನ್ನು ಕೋರ್ಟು ನೋಡುತ್ತದೆ. ಹಿಂದೂ ದತ್ತಕ ಕಾಯ್ದೆ ಕೇಳುವ ಹಾಗೆ ಹುಡುಗಿಗೆ ಹದಿನೈದು ತುಂಬಿರಲಿಲ್ಲ. ದೊಡ್ಡಪ್ಪನಿಗೂ ಅವಳಿಗೂ ಇಪ್ಪತ್ತೊಂದು ವರ್ಷಕ್ಕಿಂತ ಜಾಸ್ತಿ ಅಂತರ ಇತ್ತು. ಮನೆಯಲ್ಲಿ ಇದ್ದದ್ದು ಮಗ. ಮಗಳಿದ್ದಿದ್ದರೆ ಈ ಕಾಯ್ದೆಯಲ್ಲಿ ಇನ್ನೊಬ್ಬ ಮಗಳನ್ನು ದತ್ತು ತೆಗೆದುಕೊಳ್ಳಲು ಬರುತ್ತಿರಲಿಲ್ಲ, ಬಾಲ ನ್ಯಾಯ ಕಾಯ್ದೆಯ ದಾರಿ ಹಿಡಿಯಬೇಕಿತ್ತು. 2024ರ ಫೆಬ್ರವರಿಯಲ್ಲಿ ಅನುಮತಿ, ಮಾರ್ಚಿನಲ್ಲಿ ಹೊಸ ದತ್ತುಪತ್ರ. ಕೋರ್ಟಿನ ಆದೇಶದ ನಂಬರು, ತಾರೀಖು ಅದರ ಮೊದಲ ಪ್ಯಾರಾದಲ್ಲೇ ಬಂತು.

ದತ್ತು 2024ರ ಮಾರ್ಚಿನಲ್ಲಿ ಆದರೂ ಎರಡು ವರ್ಷದ ಸುಪರ್ದಿ 2025ರ ಆಗಸ್ಟ್ 18ಕ್ಕೇ ತುಂಬಿತು. ಗಾರ್ಡಿಯನ್ ಆದೇಶ ಏಳು ತಿಂಗಳು ಉಳಿಸಿಕೊಟ್ಟಿತು.

ಜೊತೆಯಲ್ಲಿ ವಾಸ ಇದ್ದದ್ದಕ್ಕೆ ಕೋರ್ಟ್ ಆದೇಶ ಬೇಕಿಲ್ಲ, ದತ್ತಿಗಿಂತ ಹಿಂದಿನ ದಿನಗಳೂ ಸೇರುತ್ತವೆ. ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು, ಅವಳ ಹೆಸರು ಸೇರಿದ ರೇಷನ್ ಕಾರ್ಡ್, ಆಧಾರ್ ಕೊಟ್ಟರು. ದೊಡ್ಡಮ್ಮ ಒಂದನೇ ಕ್ಲಾಸಿನಿಂದ ಎಲ್ಲ ಪ್ರೋಗ್ರೆಸ್ ಕಾರ್ಡ್ ಎತ್ತಿಟ್ಟಿದ್ದರು. ಪ್ರತಿಯೊಂದರಲ್ಲೂ ಪೋಷಕರ ಸಹಿ ಜಾಗದಲ್ಲಿ ಅವರದೇ ವಾಲುವ ಅಕ್ಷರದ ಸಹಿ. ಇದಕ್ಕಿಂತ ಒಳ್ಳೆ ದಾಖಲೆ ನಾನು ಬರೆಯಲು ಸಾಧ್ಯವಿರಲಿಲ್ಲ. ಹೆತ್ತವರ ಹೆಸರಿರುವ ಹಳೆಯ ಜನನ ಪ್ರಮಾಣಪತ್ರ, ಅವರ ಮರಣ ಪ್ರಮಾಣಪತ್ರ ಕೂಡ ಬೇಕಾದವು. ದತ್ತು ಆದ ಮೇಲೆ ಹಳೆಯದು ಯಾಕೆ ಅಂತ ಕೆಲವರು ಎಸೆದುಬಿಡುತ್ತಾರೆ, ದಯವಿಟ್ಟು ಇಟ್ಟುಕೊಳ್ಳಿ.

ಇಲ್ಲೇ ವಾಸವಿದ್ದು, ಇಲ್ಲೇ ದತ್ತು ಪಡೆದು, ಆಮೇಲೆ ಕುಟುಂಬದ ವೀಸಾದಲ್ಲಿ ಹೊರಟವರ ದಾರಿ ಇದು. ಅಮೆರಿಕದಲ್ಲೇ ಇರುವ ಅಣ್ಣನೋ ಅಕ್ಕನೋ ಊರಿನ ಮಗುವನ್ನು ದತ್ತು ಪಡೆಯುವುದಾದರೆ ಇದನ್ನು ಅನುಸರಿಸಬೇಡಿ. ಅಂಥ ಅಂತರದೇಶೀಯ ದತ್ತು ಬಾಲ ನ್ಯಾಯ ಕಾಯ್ದೆಯಡಿ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾ ಮೂಲಕ ಹೋಗಬೇಕು. 2022ರ ಸೆಪ್ಟೆಂಬರ್ 1ರಿಂದ ಆ ದತ್ತಿನ ಆದೇಶ ಕೊಡುವವರು ಜಿಲ್ಲಾಧಿಕಾರಿ. ದತ್ತು ಪಡೆಯುವವರು ಅಮೆರಿಕದ ಪೌರರಾಗಿದ್ದರೆ ಅಂತರದೇಶೀಯ ದತ್ತಿನ ಹೇಗ್ ಒಪ್ಪಂದದ ಪ್ರಕಾರ ಅಮೆರಿಕದ ವಲಸೆ ಇಲಾಖೆಗೆ I-800A, I-800 ಅರ್ಜಿಗಳು ಮೊದಲು.

ಸೆಪ್ಟೆಂಬರಿನಲ್ಲಿ ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ ಆಯಿತು. ಅಧಿಕಾರಿ ಗಾರ್ಡಿಯನ್ ಆದೇಶದ ತಾರೀಖು ನೋಡಿದರು, ದತ್ತು ಅನುಮತಿ ಓದಿದರು. ಹುಡುಗಿಯನ್ನು ಯಾರ ಜೊತೆ ಇದ್ದೀಯ ಅಂತ ಕೇಳಿದರಂತೆ. "ಅಪ್ಪ, ಅಮ್ಮ, ಅಣ್ಣ" ಅಂದಳಂತೆ. ವೀಸಾ ಸಿಕ್ಕಿತು. ಹೊರಡುವ ಮೊದಲು ಅಜ್ಜಿಯನ್ನೂ ಕರೆದುಕೊಂಡು ನಮ್ಮ ಆಫೀಸಿಗೆ ಬಂದಿದ್ದರು.

ಶಾಲೆಗೆ ಸೇರಿಸಲು ಅಫಿಡವಿಟ್ ಬೇಕು ಅಂತ ಈಗಲೂ ಜನ ಬರುತ್ತಾರೆ. ಬರೆದುಕೊಡುತ್ತೇನೆ. ಕೊನೆಯ ಸಾಲಿನಲ್ಲಿ 'ಇದು ಶಾಲಾ ದಾಖಲಾತಿಗೆ ಮಾತ್ರ, ಸುಪರ್ದಿಯ ಆದೇಶವಲ್ಲ' ಅಂತ ಸೇರಿಸಿ, ಅವತ್ತೇ ಗಾರ್ಡಿಯನ್ ಪಿಟಿಷನ್‌ಗೆ ಬೇಕಾದ ಕಾಗದಗಳ ಪಟ್ಟಿಯನ್ನೂ ಕೈಗೆ ಕೊಟ್ಟು ಕಳಿಸುತ್ತೇನೆ.